ಸಹೋದ್ಯೋಗಿಯ ಜೊತೆಗಿನ ಭಿನ್ನಾಭಿಪ್ರಾಯ: ಇಂಟರ್‌ವ್ಯೂ ಪ್ರಶ್ನೆಗೆ ತಾಂತ್ರಿಕ ಉದಾಹರಣೆ ಇಟ್ಟು ಉತ್ತರಿಸುವುದು ಹೇಗೆ?

ಸಾಫ್ಟ್‌ವೇರ್ ಇಂಟರ್‌ವ್ಯೂಗಳ ಮ್ಯಾನೇಜರ್ ರೌಂಡ್‌ನಲ್ಲಿ ತೀರಾ ಸಾಮಾನ್ಯವಾಗಿ ಬರುವ ಪ್ರಶ್ನೆ ಇದು: "ಟೀಮಿನವರೊಬ್ಬರ ಜೊತೆ ನಿಮಗೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ." ಕೋಡಿಂಗ್ ರೌಂಡ್ ಸಲೀಸಾಗಿ ದಾಟಿದವರೂ ಇಲ್ಲಿ ತಡವರಿಸುತ್ತಾರೆ. ಕೆಲವರು "ನನಗೆ ಯಾರ ಜೊತೆಗೂ ಹಾಗೇನೂ ಆಗಿಲ್ಲ ಸಾರ್" ಎಂದು ಬಾಗಿಲು ಹಾಕಿಬಿಡುತ್ತಾರೆ. ಕೆಲವರು ಹಳೇ ಟೀಮಿನ ಮೇಲಿದ್ದ ಸಿಟ್ಟನ್ನೆಲ್ಲ ಹೊರಗೆ ಹಾಕುತ್ತಾರೆ. ಹೆಚ್ಚಿನವರು ಮಾತ್ರ "ಚರ್ಚೆ ಮಾಡಿದೆವು, ಸಾಧಕ ಬಾಧಕ ನೋಡಿದೆವು, ಒಮ್ಮತಕ್ಕೆ ಬಂದೆವು" ಎಂದು ಯಾವ ಪ್ರಾಜೆಕ್ಟಿಗೂ ಹೊಂದುವಂಥ ಮಾತಾಡಿ ಮುಗಿಸುತ್ತಾರೆ.

ಎದುರಿಗೆ ಕೂತವರು ಜಗಳದ ಕಥೆ ಕೇಳಲು ಕೂತಿಲ್ಲ. ಎದುರಿನವರ ವಾದ ನಿಮಗೆ ನಿಜಕ್ಕೂ ಅರ್ಥವಾಗಿತ್ತೇ, ಯಾವ ಆಧಾರದ ಮೇಲೆ ತೀರ್ಮಾನವಾಯಿತು, ತೀರ್ಮಾನವಾದ ಮೇಲೆ ನೀವು ಹೇಗೆ ನಡೆದುಕೊಂಡಿರಿ, ಇಷ್ಟು ಅವರ ನೋಟ್ಸ್‌ಗೆ ಹೋಗಬೇಕು. ಅಮೆಜಾನ್‌ನಂಥ ಕಂಪನಿ ಇದನ್ನು 'ಹ್ಯಾವ್ ಬ್ಯಾಕ್‌ಬೋನ್. ಡಿಸಗ್ರೀ ಅಂಡ್ ಕಮಿಟ್' ಎಂಬ ಹೆಸರಿನಲ್ಲಿ ತನ್ನ ಲೀಡರ್‌ಶಿಪ್ ತತ್ವಗಳಲ್ಲೇ ಬರೆದುಕೊಂಡಿದೆ. ಬೇರೆ ಕಡೆ ಹೆಸರು ಬೇರೆ ಇರಬಹುದು, ಹುಡುಕುವುದು ಹೆಚ್ಚುಕಮ್ಮಿ ಇದನ್ನೇ.

ಇಲ್ಲಿ ಒಂದೇ ಒಂದು ಉದಾಹರಣೆಯನ್ನು ಹಿಡಿದು, ಅದನ್ನು ಉತ್ತರವಾಗಿ ಕಟ್ಟುವವರೆಗೆ ಹೋಗೋಣ. ಉದಾಹರಣೆ ಮತ್ತು ಅದರ ಅಂಕಿಗಳನ್ನು ವಿವರಣೆಗಾಗಿ ನಾನೇ ಕಟ್ಟಿದ್ದೇನೆ. ಆದರೆ ಇಂಥ ವಾದ ಬ್ಯಾಕೆಂಡ್ ಟೀಮುಗಳಲ್ಲಿ ದಿನಬೆಳಗಾದರೆ ನಡೆಯುವಂಥದ್ದೇ.

## ಹೆಜ್ಜೆ 1: ಸರಿಯಾದ ಭಿನ್ನಾಭಿಪ್ರಾಯ ಆರಿಸಿ

ಉತ್ತರ ಕೆಡುವುದು ಬಹುಪಾಲು ಇಲ್ಲೇ. ಟ್ಯಾಬ್ ಬೇಕೋ ಸ್ಪೇಸ್ ಬೇಕೋ ಎಂಬ ಕಿತ್ತಾಟ ತೀರಾ ಸಣ್ಣದು. "ಅವರು ಪಾಸ್‌ವರ್ಡನ್ನು ಹಾಗೆಯೇ ಡೇಟಾಬೇಸಿನಲ್ಲಿ ಇಡಬೇಕೆಂದರು, ನಾನು ಬೇಡವೆಂದೆ" ಎನ್ನುವುದು ಭಿನ್ನಾಭಿಪ್ರಾಯವೇ ಅಲ್ಲ, ಅಲ್ಲಿ ಒಬ್ಬರು ಸರಿ, ಒಬ್ಬರು ತಪ್ಪು, ಮಾತು ಮುಗಿಯಿತು. "ಅವರು ಟೆಸ್ಟ್ ಬರೆಯುತ್ತಿರಲಿಲ್ಲ" ಎನ್ನುವುದು ತಾಂತ್ರಿಕ ವಿಷಯದಂತೆ ಕಂಡರೂ ನಿಜದಲ್ಲಿ ಒಬ್ಬರ ಸ್ವಭಾವದ ಮೇಲಿನ ದೂರು.

ಬೇಕಾದದ್ದು ಇಂಥದ್ದು: ಇಬ್ಬರ ಮಾತಿನಲ್ಲೂ ಹುರುಳಿತ್ತು, ಯಾವುದು ಸರಿ ಎಂದು ಅಳೆದು ನೋಡಲು ದಾರಿಯಿತ್ತು, ಮತ್ತು ಆ ಕೋಡನ್ನು ನೀವೇ ಮುಟ್ಟಿದ್ದಿರಿ. ಮೂರನೆಯದು ಇಲ್ಲದಿದ್ದರೆ ಎರಡನೇ ಮರುಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಆರಿಸಿದ್ದು ಸರಿಯಾಗಿದೆಯೇ ಎಂದು ತಿಳಿಯಲು, ಆ ಸಹೋದ್ಯೋಗಿಯ ಪರವಾಗಿ ಒಂದು ನಿಮಿಷ ವಾದ ಮಾಡಿ ನೋಡಿ. ಆಗದಿದ್ದರೆ ಒಂದೋ ಅವರ ಮಾತು ನಿಮಗೆ ಅರ್ಥವಾಗಿರಲಿಲ್ಲ, ಅಥವಾ ಆ ಕಥೆಯಲ್ಲಿ ಹುರುಳಿಲ್ಲ. ಎರಡರಲ್ಲಿ ಯಾವುದಾದರೂ ಬೇರೆ ಕಥೆ ಹುಡುಕುವುದು ಮೇಲು.

ನಮ್ಮ ಉದಾಹರಣೆ: ಆನ್‌ಲೈನ್ ಅಂಗಡಿಯೊಂದರ 'ನನ್ನ ಆರ್ಡರ್‌ಗಳು' ಪುಟ ಕೆಲವು ಗ್ರಾಹಕರಿಗೆ ತೆರೆಯಲು ಎರಡು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿದೆ. ಸಹೋದ್ಯೋಗಿ "ರೆಡಿಸ್ ಕ್ಯಾಶ್ ಹಾಕೋಣ" ಎನ್ನುತ್ತಾರೆ. ನೀವು "ಡೇಟಾಬೇಸಿಗೆ ಇಂಡೆಕ್ಸ್ ಸೇರಿಸೋಣ" ಎನ್ನುತ್ತೀರಿ.

## ಹೆಜ್ಜೆ 2: ತಾಂತ್ರಿಕ ಸಂಗತಿಯನ್ನು ಮೊದಲು ನಿಮಗೇ ಸ್ಪಷ್ಟ ಮಾಡಿಕೊಳ್ಳಿ

ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಹೇಳಬೇಕಾಗಿಲ್ಲ. ಆದರೆ ಕೇಳಿದರೆ ಹೇಳಲು ತಯಾರಿರಬೇಕು. ಪುಟದ ಹಿಂದಿರುವ ಕ್ವೆರಿ ಇದು:

```sql
SELECT id, status, total, created_at
FROM orders
WHERE customer_id = 48213
ORDER BY created_at DESC
LIMIT 20;
```

ಟೇಬಲಿನಲ್ಲಿ 60 ಲಕ್ಷ ಸಾಲುಗಳಿವೆ. `created_at` ಮೇಲೆ ಇಂಡೆಕ್ಸ್ ಇದೆ, `customer_id` ಮೇಲೆ ಇಲ್ಲ. ಫಾರಿನ್ ಕೀ ಅಂದಮೇಲೆ ಇಂಡೆಕ್ಸ್ ತಾನಾಗಿಯೇ ಇರುತ್ತದೆ ಎಂದು ಅನೇಕರು ಅಂದುಕೊಂಡಿರುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗಿಲ್ಲ, ನಾವೇ ಹಾಕಬೇಕು. ಈ ಕ್ವೆರಿಗೆ `EXPLAIN ANALYZE` ಕೊಟ್ಟಾಗ ಬಂದದ್ದು, ಚಿಕ್ಕದಾಗಿ:

```
Limit (actual time=2140.3 rows=4)
  -> Index Scan Backward using orders_created_at_idx
       Filter: (customer_id = 48213)
       Rows Removed by Filter: 5999996
```

ಡೇಟಾಬೇಸ್ ಹೊಸ ಆರ್ಡರ್‌ನಿಂದ ಹಿಂದಕ್ಕೆ ನಡೆಯುತ್ತಾ, ಒಂದೊಂದು ಸಾಲನ್ನೂ "ಇದು 48213ರದ್ದಾ?" ಎಂದು ನೋಡುತ್ತಿದೆ. 20 ಸಿಕ್ಕಿದ ಕೂಡಲೇ ನಿಲ್ಲಬಹುದು. ಆದರೆ ಈ ಗ್ರಾಹಕರದ್ದು ಇರುವುದೇ 4 ಆರ್ಡರ್, ಆದ್ದರಿಂದ ಅದು ಎಲ್ಲೂ ನಿಲ್ಲದೆ ಕೊನೆಯವರೆಗೂ ಹೋಗಿದೆ. ಬಿಸಾಕಿದ ಸಾಲು 59,99,996. ದಿನಾ ಆರ್ಡರ್ ಮಾಡುವವರಿಗೆ ಪುಟ ಥಟ್ಟನೆ ತೆರೆಯುತ್ತದೆ, ಅಪರೂಪಕ್ಕೆ ಬರುವವರಿಗೆ ನಿಧಾನ. 'ಕೆಲವು ಗ್ರಾಹಕರಿಗೆ ಮಾತ್ರ ನಿಧಾನ' ಎಂಬ ಒಗಟಿನ ಉತ್ತರ ಇಲ್ಲಿದೆ. ಇಂಥ ಒಂದು ಸಣ್ಣ ವಿವರ ನಿಮ್ಮ ಕಥೆಯಲ್ಲಿದ್ದರೆ, ಕೆಲಸ ಮಾಡಿದವರು ನೀವೇ ಎಂದು ಬೇರೆ ಸಾಕ್ಷಿ ಬೇಡ.

## ಹೆಜ್ಜೆ 3: ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಲು ಕಲಿಯಿರಿ

"ಅವರಿಗೆ ರೆಡಿಸ್ ಹುಚ್ಚು" ಎಂದರೆ ಕಥೆ ಅಲ್ಲಿಗೆ ಕೆಟ್ಟಿತು. ಅವರ ಕಡೆಯಿಂದ ನೋಡಿ. ರೆಡಿಸ್ ಆಗಲೇ ಲಾಗಿನ್ ಸೆಷನ್‌ಗಳಿಗಾಗಿ ಓಡುತ್ತಿದೆ, ಹೊಸದಾಗಿ ಏನೂ ನಿಲ್ಲಿಸಬೇಕಾಗಿಲ್ಲ. ಕ್ಯಾಶ್‌ನಲ್ಲಿ ಇಟ್ಟದ್ದಕ್ಕೆ ಐದು ನಿಮಿಷದ ಅವಧಿ ಕೊಟ್ಟು ಒಂದು ದಿನದಲ್ಲಿ ಮುಗಿಸಬಹುದು. ಇತ್ತ `orders` ಟೇಬಲ್ಲಿಗೆ ಇಡೀ ದಿನ ಬರಹ ನಡೆಯುತ್ತಿರುತ್ತದೆ. ಬರೀ `CREATE INDEX` ಕೊಟ್ಟರೆ ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಆ ಟೇಬಲ್ಲಿಗೆ ಬರೆಯುವುದೆಲ್ಲ ನಿಂತುಹೋಗುತ್ತದೆ, ಅಂದರೆ ಅಷ್ಟು ಹೊತ್ತು ಹೊಸ ಆರ್ಡರ್ ಬರುವುದಿಲ್ಲ. ಅದರ ಮೇಲೆ, ಇಂಡೆಕ್ಸ್ ಒಂದು ಹೆಚ್ಚಾದಷ್ಟೂ ಪ್ರತಿ ಬರಹಕ್ಕೂ ಸ್ವಲ್ಪ ಕೆಲಸ ಹೆಚ್ಚು.

ಇವೆಲ್ಲ ನ್ಯಾಯವಾದ ಭಯಗಳೇ. ಉತ್ತರ ಹೇಳುವಾಗ ಇವುಗಳಲ್ಲಿ ಎರಡನ್ನಾದರೂ, ನಿಮ್ಮ ಮಾತು ಶುರುಮಾಡುವ ಮೊದಲೇ ಹೇಳಿ. ನನ್ನ ಅನುಭವದಲ್ಲಿ ಇಡೀ ಉತ್ತರದಲ್ಲಿ ಅಭ್ಯರ್ಥಿಯ ತೂಕ ಹೆಚ್ಚುವುದು ಈ ಅರ್ಧ ನಿಮಿಷದಲ್ಲಿ, ಫಲಿತಾಂಶ ಹೇಳುವ ಜಾಗದಲ್ಲಲ್ಲ.

ಇನ್ನು ಅವರ ಹೆಸರು ಹೇಳಬೇಡಿ. "ನಮ್ಮ ಟೀಮಿನ ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್ ಒಬ್ಬರು" ಅಂದರೆ ಸಾಕು. ಬೆಂಗಳೂರಿನ ಐಟಿ ವಲಯ ನೀವಂದುಕೊಂಡಷ್ಟು ದೊಡ್ಡದಲ್ಲ, ಎದುರಿಗೆ ಕೂತವರಿಗೆ ಅವರ ಪರಿಚಯ ಇದ್ದರೂ ಇದ್ದೀತು.

## ಹೆಜ್ಜೆ 4: ವಾದ ಯಾವ ಒಂದು ಅಂಕಿಯ ಮೇಲೆ ನಿಂತಿತ್ತು ಎಂದು ಹುಡುಕಿ

ಪ್ರತಿ ತಾಂತ್ರಿಕ ಭಿನ್ನಾಭಿಪ್ರಾಯದ ಬುಡದಲ್ಲೂ ಇಬ್ಬರೂ ಬೇರೆ ಬೇರೆಯಾಗಿ ಊಹಿಸಿಕೊಂಡ ಯಾವುದೋ ಒಂದು ಸಂಗತಿ ಇರುತ್ತದೆ. ಅದು ಸಿಕ್ಕರೆ ವಾದ ಅರ್ಧ ಮುಗಿದಂತೆ, ಉತ್ತರವೂ ಅರ್ಧ ಕಟ್ಟಿದಂತೆ.

ಇಲ್ಲಿ ಆ ಸಂಗತಿ ಏನು? ಕ್ಯಾಶ್‌ನಿಂದ ಲಾಭ ಆಗುವುದು ಎರಡನೇ ಸಲ ಕೇಳಿದಾಗ. ಮೊದಲ ಸಲ ಡೇಟಾಬೇಸಿಗೆ ಹೋಗಲೇಬೇಕು. ಉತ್ಪನ್ನದ ಪುಟವಾದರೆ ಒಬ್ಬರು ತೆರೆದದ್ದು ಮುಂದಿನ ಸಾವಿರ ಜನಕ್ಕೆ ಉಪಯೋಗ. 'ನನ್ನ ಆರ್ಡರ್‌ಗಳು' ಹಾಗಲ್ಲ, ಒಬ್ಬರದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಾಗಿ ಪ್ರಶ್ನೆ ಇಷ್ಟೇ: ಒಬ್ಬ ಗ್ರಾಹಕರು ಆ ಪುಟವನ್ನು ಐದು ನಿಮಿಷದೊಳಗೆ ಮತ್ತೆ ತೆರೆಯುತ್ತಾರೆಯೇ? ಸಹೋದ್ಯೋಗಿ "ತೆರೆಯುತ್ತಾರೆ, ಆರ್ಡರ್ ಎಲ್ಲಿಗೆ ಬಂತು ಅಂತ ಪದೇ ಪದೇ ನೋಡುತ್ತಾರೆ" ಎಂದು ಭಾವಿಸಿದ್ದರು. ನೀವು ಇಲ್ಲವೆಂದು ಭಾವಿಸಿದ್ದಿರಿ. ಇಬ್ಬರ ಹತ್ತಿರವೂ ಲೆಕ್ಕ ಇರಲಿಲ್ಲ, ಆದರೆ ಸರ್ವರ್ ಲಾಗ್‌ನಲ್ಲಿ ಉತ್ತರ ಇತ್ತು.

ಈಗ ನೀವು ಮಾಡಿದ ಮುಖ್ಯ ಕೆಲಸಕ್ಕೆ ಬನ್ನಿ. ಲಾಗ್ ನೋಡುವ ಮೊದಲೇ ಇಬ್ಬರೂ ಕೂತು ಒಂದು ಗೆರೆ ಎಳೆದುಕೊಂಡಿರಿ: ಪುಟದ ಭೇಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐದು ನಿಮಿಷದೊಳಗಿನ ಮರುಭೇಟಿಯಾಗಿದ್ದರೆ ಕ್ಯಾಶ್, ಇಲ್ಲವಾದರೆ ಇಂಡೆಕ್ಸ್. ಅಂಕಿ ಬಂದ ಮೇಲೆ ಗೆರೆ ಎಳೆದರೆ ಯಾರಾದರೂ ತಮಗೆ ಬೇಕಾದಲ್ಲಿ ಎಳೆಯಬಹುದು. ಮೊದಲೇ ಎಳೆದಿದ್ದರಿಂದ ಯಾರೂ ಸೋತಂತೆ ಆಗಲಿಲ್ಲ. ಒಂದು ದಿನದ ಲಾಗ್ ತೆಗೆದು ನೋಡಿದಾಗ ಮರುಭೇಟಿ ಬಂದದ್ದು 14%. ಜೊತೆಗೆ ಇನ್ನೊಂದೂ ಕಂಡಿತು: ಪುಟ ನಿಧಾನವಾಗುವುದು ಅಪರೂಪಕ್ಕೆ ಬರುವವರಿಗೆ, ಅವರು ಮತ್ತೆ ತೆರೆಯುವುದೂ ಅಪರೂಪ. ಅಂದರೆ ಯಾರಿಗೆ ತೊಂದರೆಯೋ ಅವರಿಗೇ ಕ್ಯಾಶ್‌ನಿಂದ ಉಪಯೋಗ ಕಡಿಮೆ.

ನಿಮ್ಮ ಸ್ವಂತ ಕಥೆಯಲ್ಲಿ ಇಂಥ ಗೆರೆಯನ್ನು ಮೊದಲೇ ಎಳೆದಿರಲಿಲ್ಲವಾದರೆ ಎಳೆದಿದ್ದೆವು ಎಂದು ಹೇಳಬೇಡಿ. "ಗೆರೆ ಯಾಕೆ 50 ಪ್ರತಿಶತ, 30 ಯಾಕಲ್ಲ?" ಎಂದು ಕೇಳಿದರೆ ಕಟ್ಟುಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಏನನ್ನು ಅಳೆದಿರೋ ಅಷ್ಟನ್ನೇ ಹೇಳಿ.

## ಹೆಜ್ಜೆ 5: ಅವರು ಸರಿಯಿದ್ದ ಜಾಗವನ್ನು ಕಥೆಯೊಳಗೆ ಉಳಿಸಿ

"ಕೊನೆಗೆ ನಾನೇ ಸರಿ ಎಂದು ಸಾಬೀತಾಯಿತು" ಎಂಬಲ್ಲಿ ಮುಗಿಯುವ ಉತ್ತರಗಳನ್ನು ಪ್ಯಾನೆಲ್‌ನವರು ಸುಲಭವಾಗಿ ನಂಬುವುದಿಲ್ಲ. ನಿಜವಾದ ಪ್ರಾಜೆಕ್ಟಿನಲ್ಲಿ ಹಾಗೆ ಆಗುವುದೂ ಕಡಿಮೆ. ನಮ್ಮ ಉದಾಹರಣೆಯಲ್ಲಿ ಎರಡು ಕಡೆ ಅವರ ಮಾತಿನಿಂದ ಕೆಲಸ ಉತ್ತಮವಾಯಿತು.

ಒಂದು, ಬರಹ ನಿಲ್ಲುವ ಭಯ. ಅವರು ಅದನ್ನು ಎತ್ತಿದ್ದರಿಂದಲೇ ಇಂಡೆಕ್ಸನ್ನು ಹೀಗೆ ಕಟ್ಟಿದ್ದು:

```sql
CREATE INDEX CONCURRENTLY orders_customer_created_idx
ON orders (customer_id, created_at DESC);
```

`CONCURRENTLY` ಹಾಕಿದರೆ ಬರಹ ನಿಲ್ಲುವುದಿಲ್ಲ. ಬದಲಿಗೆ ಟೇಬಲನ್ನು ಎರಡು ಸಲ ಓದುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ, ಟ್ರಾನ್ಸಾಕ್ಷನ್ ಒಳಗೆ ಓಡಿಸಲು ಬರುವುದಿಲ್ಲ, ನಡುವೆ ವಿಫಲವಾದರೆ `INVALID` ಎಂಬ ಗುರುತು ಹೊತ್ತ ಅರೆಬರೆ ಇಂಡೆಕ್ಸ್ ಉಳಿದುಕೊಳ್ಳುತ್ತದೆ, ಅದನ್ನು ತೆಗೆದು ಮತ್ತೆ ಕಟ್ಟಬೇಕು. ಆದ್ದರಿಂದ ಆರ್ಡರ್ ಕಡಿಮೆ ಇರುವ ಬೆಳಗಿನ ಜಾವ ಇಬ್ಬರೂ ಸೇರಿ ಓಡಿಸಿದರು.

ಎರಡು, ಪುಟದ ಮೇಲ್ಭಾಗದಲ್ಲಿ ಬರುವ 'ಈ ವರ್ಷದ ಒಟ್ಟು ಖರೀದಿ'. ಸಗಟು ಗ್ರಾಹಕರಿಗೆ ಸಾವಿರಾರು ಆರ್ಡರ್‌ಗಳಿರುತ್ತವೆ, ಇಂಡೆಕ್ಸ್ ಇದ್ದರೂ ಅಷ್ಟನ್ನೂ ಕೂಡಿಸಲೇಬೇಕು. ಇಂಡೆಕ್ಸ್ ಬಂದ ಮೇಲೂ ಅವರಿಗೆ ಪುಟ ಎಳೆದಾಡುತ್ತಿತ್ತು. ಆ ಮೊತ್ತ ಐದು ನಿಮಿಷ ಹಳೆಯದಾದರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ಅಲ್ಲಿ ರೆಡಿಸ್ ಹಾಕಿದರು, ಸಹೋದ್ಯೋಗಿಯೇ ಬರೆದರು. ಪಟ್ಟಿಗೆ ಮಾತ್ರ ಕ್ಯಾಶ್ ಹಾಕಲಿಲ್ಲ. ಆರ್ಡರ್ ರದ್ದು ಮಾಡಿದ ಮೇಲೂ ಐದು ನಿಮಿಷ 'ರವಾನೆಯಾಗಿದೆ' ಎಂದೇ ತೋರಿಸಿದರೆ ಗ್ರಾಹಕರು ಫೋನ್ ಮಾಡುವುದು ಖಂಡಿತ.

## ಹೆಜ್ಜೆ 6: ಎರಡು ನಿಮಿಷಕ್ಕೆ ಇಳಿಸಿ

ಹಿನ್ನೆಲೆಗೆ ಇಪ್ಪತ್ತು ಸೆಕೆಂಡ್, ಇಬ್ಬರ ವಾದಕ್ಕೆ ಅರ್ಧ ನಿಮಿಷ, ನೀವು ಮಾಡಿದ್ದಕ್ಕೆ ಸುಮಾರು ಐವತ್ತು ಸೆಕೆಂಡ್, ಉಳಿದದ್ದು ಫಲಿತಾಂಶಕ್ಕೆ. ಸಂದರ್ಭ, ಹೊಣೆ, ಮಾಡಿದ ಕೆಲಸ, ಫಲಿತಾಂಶ ಎಂಬ ಕ್ರಮದ 'ಸ್ಟಾರ್' ಮಾದರಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಒಂದೇ ವ್ಯತ್ಯಾಸ, ಎದುರಿನವರ ವಾದಕ್ಕೆ ಇಲ್ಲಿ ಬೇರೆಯೇ ಜಾಗ ಬೇಕು. ಆಡುಮಾತಿನಲ್ಲಿ ಉತ್ತರ ಹೀಗಿರಬಹುದು:

"ನಮ್ಮ ಆರ್ಡರ್ ಪಟ್ಟಿ ಪುಟ ಕೆಲವು ಗ್ರಾಹಕರಿಗೆ ಎರಡು ಸೆಕೆಂಡ್ ಮೇಲೆ ತಗೋತಿತ್ತು. ಅದನ್ನ ಸರಿ ಮಾಡೋ ಕೆಲಸ ನನಗೂ ಇನ್ನೊಬ್ಬ ಸೀನಿಯರ್ ಎಂಜಿನಿಯರ್‌ಗೂ ಬಂತು. ಅವರು ರೆಡಿಸ್ ಕ್ಯಾಶ್ ಹಾಕೋಣ ಅಂದ್ರು. ಅವರ ಕಾರಣಗಳು ಗಟ್ಟಿಯಾಗಿದ್ವು: ರೆಡಿಸ್ ಆಗಲೇ ಓಡ್ತಿತ್ತು, ಒಂದು ದಿನದ ಕೆಲಸ, ಮತ್ತೆ ಆ ಟೇಬಲ್ ಮೇಲೆ ಇಂಡೆಕ್ಸ್ ಕಟ್ಟೋಕೆ ಹೋದ್ರೆ ಹೊಸ ಆರ್ಡರ್‌ಗಳು ನಿಲ್ಲೋ ಅಪಾಯ ಇತ್ತು. ನನಗೆ ಇಂಡೆಕ್ಸೇ ಸರಿ ಅನ್ನಿಸಿತ್ತು, ಯಾಕಂದ್ರೆ ಒಬ್ಬ ಗ್ರಾಹಕರ ಪಟ್ಟಿ ಇನ್ನೊಬ್ಬರಿಗೆ ಉಪಯೋಗ ಇಲ್ಲ, ಕ್ಯಾಶ್‌ನಲ್ಲಿ ಸಿಗೋದು ಕಡಿಮೆ ಇರಬಹುದು ಅಂತ.

"ಮೀಟಿಂಗಲ್ಲಿ ಎರಡು ಸಲ ಇದೇ ಮಾತು ಸುತ್ತಿತು. ಆಮೇಲೆ ನಾನು ಅವರ ಹತ್ತಿರ ಹೋಗಿ, ಗ್ರಾಹಕರು ಐದು ನಿಮಿಷದೊಳಗೆ ಪುಟ ಮತ್ತೆ ತೆರೀತಾರಾ ಅನ್ನೋದರ ಮೇಲೆ ನಮ್ಮಿಬ್ಬರ ವಾದ ನಿಂತಿದೆ, ಲಾಗ್ ನೋಡೋಣ ಅಂದೆ. ಅರ್ಧಕ್ಕಿಂತ ಹೆಚ್ಚಿದ್ರೆ ಕ್ಯಾಶ್, ಇಲ್ಲದಿದ್ರೆ ಇಂಡೆಕ್ಸ್ ಅಂತ ಮೊದಲೇ ಒಪ್ಪಿಕೊಂಡ್ವಿ. ನಾನು ಸ್ಕ್ರಿಪ್ಟ್ ಬರೆದೆ, ಅವರು ಅದನ್ನ ರಿವ್ಯೂ ಮಾಡಿದ್ರು. ಬಂದಿದ್ದು 14 ಪರ್ಸೆಂಟ್.

"ಇಂಡೆಕ್ಸ್ ಹಾಕಿದ ಮೇಲೆ ಆ ಕ್ವೆರಿ ಎರಡು ಸೆಕೆಂಡಿನಿಂದ ಕೆಲವು ಮಿಲಿಸೆಕೆಂಡಿಗೆ ಇಳೀತು. ಅವರು ಎತ್ತಿದ್ದ ಅಪಾಯ ನಿಜ ಇದ್ದಿದ್ರಿಂದ ಬರಹ ನಿಲ್ಲದ ಹಾಗೆ ಇಂಡೆಕ್ಸ್ ಕಟ್ಟಿದ್ವಿ. ಸಗಟು ಗ್ರಾಹಕರ ಒಟ್ಟು ಮೊತ್ತ ಮಾತ್ರ ಆಮೇಲೂ ನಿಧಾನ ಇತ್ತು, ಅಲ್ಲಿ ಅವರ ಕ್ಯಾಶೇ ಸರಿಯಾದ ಮದ್ದು ಆಯ್ತು."

ಇಲ್ಲಿ `EXPLAIN` ಮಾತು ಬಂದಿಲ್ಲ, ಬಿಸಾಕಿದ ಸುಮಾರು 60 ಲಕ್ಷ ಸಾಲುಗಳೂ ಬಂದಿಲ್ಲ. ಅವು ಮರುಪ್ರಶ್ನೆಗೆ ಮೀಸಲು. 'ನಾನು' ಎಲ್ಲಿ, 'ಅವರು' ಎಲ್ಲಿ, 'ನಾವು' ಎಲ್ಲಿ ಎಂಬುದನ್ನೂ ಗಮನಿಸಿ. ಎಲ್ಲಕ್ಕೂ 'ನಾವು' ಎಂದರೆ ನಿಮ್ಮ ಪಾಲು ಯಾವುದೆಂದು ಪ್ಯಾನೆಲ್‌ಗೆ ತಿಳಿಯುವುದಿಲ್ಲ, ಎಲ್ಲಕ್ಕೂ 'ನಾನು' ಎಂದರೆ ಟೀಮು ಇರಲಿಲ್ಲ ಅನ್ನಿಸುತ್ತದೆ. ಉತ್ತರವನ್ನು ಬಾಯಿಪಾಠ ಮಾಡಬೇಡಿ. ಇಂಗ್ಲಿಷಿನಲ್ಲಿ ಹೇಳಬೇಕಾದವರು ಮೊದಲು ಗೆಳೆಯರಿಗೆ ಕನ್ನಡದಲ್ಲೇ ಒಂದು ಸಲ ಹೇಳಿ ನೋಡಿ. ಎಳೆ ಎಲ್ಲಿ ತಪ್ಪುತ್ತಿದೆ ಎಂಬುದು ಆಗ ಬೇಗ ಗೊತ್ತಾಗುತ್ತದೆ.

ಕ್ಲೈಂಟ್ ಹೆಸರು, ನಿಖರ ಆರ್ಡರ್ ಸಂಖ್ಯೆ, ಆದಾಯ ಇವು ಹೊರಗೆ ಹೇಳುವಂಥವಲ್ಲ. ಅನುಪಾತ ಹೇಳಿ: "ನೂರಾರು ಪಟ್ಟು ಇಳಿಯಿತು", "ಏಳರಲ್ಲಿ ಒಂದು ಭೇಟಿ" ಹೀಗೆ.

## ಹೆಜ್ಜೆ 7: ಮರುಪ್ರಶ್ನೆಗಳಿಗೆ ತಯಾರಾಗಿ

"ಎರಡನ್ನೂ ಮಾಡಬಹುದಿತ್ತಲ್ಲ?" ಮಾಡಬಹುದಿತ್ತು. ಆದರೆ ಪಟ್ಟಿಗೆ ಕ್ಯಾಶ್ ಹಾಕಿದರೆ ಆರ್ಡರ್ ಸ್ಥಿತಿ ಬದಲಾದಾಗಲೆಲ್ಲ ಅದನ್ನು ಅಳಿಸಬೇಕು. ಸ್ಥಿತಿಯನ್ನು ಬದಲಿಸುವುದು ಒಂದೇ ಸರ್ವಿಸ್ ಅಲ್ಲ, ಗೋದಾಮಿನದ್ದು ಬೇರೆ, ಡೆಲಿವರಿಯದ್ದು ಬೇರೆ. ಒಂದು ಕಡೆ ಮರೆತರೂ ತಪ್ಪು ಮಾಹಿತಿ ಕಾಣುತ್ತದೆ. ಬೇಡದ ಜಾಗಕ್ಕೆ ಅಷ್ಟು ಹೊರೆ ಯಾಕೆ, ಎನ್ನುವುದು ಉತ್ತರ.

"ಬರಹದ ವೇಗಕ್ಕೆ ಏನಾಯಿತು?" ತಾಂತ್ರಿಕವಾಗಿ ಗಟ್ಟಿ ಇರುವವರು ಕೇಳುವುದು ಇದನ್ನೇ. ಇಂಡೆಕ್ಸ್ ಹಾಕುವ ಮೊದಲು ಮತ್ತು ನಂತರ ಇನ್ಸರ್ಟ್ ಸಮಯ ಅಳೆದಿದ್ದರೆ ಹೇಳಿ. ಅಳೆದಿರದಿದ್ದರೆ "ಅಳೆಯಲಿಲ್ಲ, ಈಗಾದರೆ ಅಳೆಯುತ್ತಿದ್ದೆ" ಎಂದು ನೇರವಾಗಿ ಹೇಳಿದರೆ ಕೆಡುವುದೇನಿಲ್ಲ. ಅಲ್ಲೇ ಒಂದು ಅಂಕಿ ಹುಟ್ಟಿಸಿದರೆ ಅದನ್ನು ಹೇಗೆ ಅಳೆದಿರಿ ಎಂಬ ಮುಂದಿನ ಪ್ರಶ್ನೆಗೂ ಉತ್ತರ ಹುಟ್ಟಿಸಬೇಕಾಗುತ್ತದೆ.

"ಮರುಭೇಟಿ 60 ಪ್ರತಿಶತ ಬಂದಿದ್ದರೆ?" ಕ್ಯಾಶ್ ಹಾಕುತ್ತಿದ್ದೆವು, ಮೊದಲೇ ಒಪ್ಪಿದ್ದೆವು. "ಆದರೂ ನಾನು ಒಪ್ಪುತ್ತಿರಲಿಲ್ಲ" ಎಂದರೆ ಅಲ್ಲಿಯವರೆಗೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ಬೇಕಾದರೆ, ಮೊದಲ ಭೇಟಿ ನಿಧಾನವಾಗಿಯೇ ಉಳಿಯುತ್ತದೆ ಎಂಬುದನ್ನು ಟಿಕೆಟ್‌ನಲ್ಲಿ ದಾಖಲಿಸಿಡುತ್ತಿದ್ದೆ ಎಂದು ಸೇರಿಸಬಹುದು.

"ಲೀಡ್ ನಿಮ್ಮ ವಿರುದ್ಧ ತೀರ್ಮಾನ ಕೊಟ್ಟಿದ್ದರೆ?" ಇಲ್ಲಿ ಅವರು ನೋಡುವುದು ನೀವು ಒಳಗೊಳಗೇ ಅಡ್ಡಗಾಲು ಹಾಕುವವರೇ ಎಂದು. ಲಾಗ್ ಲೆಕ್ಕ ಮುಂದಿಟ್ಟು ಒಂದು ಸಲ ಸ್ಪಷ್ಟವಾಗಿ ಹೇಳುತ್ತಿದ್ದೆ, ಆಮೇಲೆ ಕ್ಯಾಶ್ ಕೋಡನ್ನು ನಾನೇ ಸರಿಯಾಗಿ ಬರೆದು, ಕ್ಯಾಶ್‌ನಲ್ಲಿ ಎಷ್ಟು ಸಿಗುತ್ತಿದೆ ಎಂಬ ಅಳತೆಯನ್ನೂ ಅದರ ಜೊತೆಗೇ ಇಡುತ್ತಿದ್ದೆ, ಎನ್ನುವುದು ಒಳ್ಳೆಯ ಉತ್ತರ.

## ನಿಮ್ಮ ಮಾತು ನಡೆಯದ ಕಥೆ, ಮತ್ತು ಅನುಭವವಿಲ್ಲದವರ ಕಥೆ

ನಿಮ್ಮ ಅಭಿಪ್ರಾಯ ಬಿದ್ದುಹೋದ ಕಥೆಯೂ ಚೆನ್ನಾಗಿಯೇ ನಡೆಯುತ್ತದೆ, ಕೆಲವು ಪ್ಯಾನೆಲ್‌ಗಳು ಅದನ್ನೇ ಕೇಳುತ್ತವೆ. ಕಟ್ಟುವ ಕ್ರಮ ಇದೇ. ಎರಡನೇ ಅರ್ಧ ಮಾತ್ರ ಬದಲಾಗುತ್ತದೆ: ಯಾವ ಅಂಕಿ ನೋಡಿ ನೀವು ಮನಸ್ಸು ಬದಲಿಸಿದಿರಿ, ಅಥವಾ ಮನಸ್ಸು ಬದಲಾಗದಿದ್ದರೂ ಯಾವ ಕೆಲಸ ಮಾಡಿಕೊಟ್ಟಿರಿ ಎಂಬುದು. "ಆಮೇಲೆ ನಾನು ಹೇಳಿದ ಹಾಗೇ ಆಯಿತು" ಎಂಬ ಬಾಲ ಅಂಟಿಸಬೇಡಿ.

ಈಗಷ್ಟೇ ಕಾಲೇಜು ಮುಗಿಸಿದವರು ಕೊನೆಯ ವರ್ಷದ ಪ್ರಾಜೆಕ್ಟನ್ನೇ ಇಡಬಹುದು. ನಾಲ್ವರ ತಂಡದಲ್ಲಿ ಹಾಜರಾತಿ ಆ್ಯಪ್‌ಗೆ ಒಬ್ಬರು ಮಾಂಗೋಡಿಬಿ ಎಂದರು, ನೀವು ಮೈಎಸ್‌ಕ್ಯುಎಲ್ ಎಂದಿರಿ ಅಂದುಕೊಳ್ಳಿ. ವಿದ್ಯಾರ್ಥಿ, ವಿಷಯ, ತರಗತಿ ಒಂದಕ್ಕೊಂದು ಹೆಣೆದುಕೊಂಡಿರುವ ಡೇಟಾ ಅದು, ನಿಮ್ಮ ವಾದಕ್ಕೆ ಬಲವಿದೆ. ಅವರ ವಾದಕ್ಕೂ ಬಲವಿದೆ: ಸ್ಕೀಮಾ ವಾರಕ್ಕೊಮ್ಮೆ ಬದಲಾಗುತ್ತಿದೆ, ಗೈಡ್ ಪ್ರತಿ ರಿವ್ಯೂನಲ್ಲೂ ಹೊಸ ಕಾಲಂ ಕೇಳುತ್ತಾರೆ. ಇಲ್ಲಿ ಸರ್ವರ್ ಲಾಗ್ ಇಲ್ಲ, ನಿಜ. ಆದರೆ 'ಒಂದು ವಿಷಯದಲ್ಲಿ 75%ಕ್ಕಿಂತ ಕಡಿಮೆ ಹಾಜರಾತಿ ಇರುವವರ ಪಟ್ಟಿ' ಎಂಬ ಒಂದೇ ವರದಿಯನ್ನು ಇಬ್ಬರೂ ಒಂದು ಸಂಜೆ ತಂತಮ್ಮ ದಾರಿಯಲ್ಲಿ ಬರೆದು ಪಕ್ಕಪಕ್ಕ ಇಟ್ಟು ನೋಡಿದ್ದರೆ, ಇಂಟರ್‌ವ್ಯೂನಲ್ಲಿ ಹೇಳಬೇಕಾದ ಅಳತೆ ಅದೇ.